7 ಅಡಿ ರಾಡ್, 250 ರೂಪಾಯಿ ಉತ್ತರ, ಆದರೆ ಕೋಡ್ 240 ಕೊಡುತ್ತಿದೆ: ಯಾಕೆ?

ಪ್ರಶ್ನೆ: ಸರ್, ರಾಡನ್ನು ತುಂಡು ಮಾಡಿ ಮಾರಿ ಅತಿ ಹೆಚ್ಚು ಹಣ ಪಡೆಯುವ ರಾಡ್ ಕಟಿಂಗ್ ಲೆಕ್ಕ ಮಾಡುತ್ತಿದ್ದೇನೆ. 1 ಅಡಿಯಿಂದ 7 ಅಡಿವರೆಗಿನ ತುಂಡುಗಳ ಬೆಲೆ ಕ್ರಮವಾಗಿ 20, 70, 110, 130, 170, 210, 240 ರೂಪಾಯಿ. 7 ಅಡಿ ರಾಡ್‌ಗೆ 250 ಬರಬೇಕು ಅಂತ ಉತ್ತರದಲ್ಲಿದೆ. ಚೀಲಕ್ಕೆ ಅತಿ ಹೆಚ್ಚು ಬೆಲೆಯ ವಸ್ತು ತುಂಬುವ ನ್ಯಾಪ್‌ಸ್ಯಾಕ್ ಕೋಡನ್ನೇ ನಾನು ಇಲ್ಲಿಗೆ ಹೊಂದಿಸಿದೆ, 240 ಬಂತು. ಅಡಿಗೆ ಜಾಸ್ತಿ ಬೆಲೆ ಬರುವ ತುಂಡನ್ನೇ ಮೊದಲು ಕತ್ತರಿಸುತ್ತಾ ಹೋದೆ, ಆಗಲೂ 240. ಇದನ್ನು ಅನ್‌ಬೌಂಡೆಡ್ ನ್ಯಾಪ್‌ಸ್ಯಾಕ್ ಅಂತಾರೆ, ಆದರೆ ಆ ಕೋಡ್‌ನಲ್ಲಿ ಏನು ಬದಲಾಗುತ್ತದೆ ಅನ್ನೋದೇ ತಿಳಿಯುತ್ತಿಲ್ಲ. ನನ್ನ ಕೋಡ್ ಇದು:

```python
def rod(price, n):
    dp = [0] * (n + 1)
    for i in range(1, n + 1):
        for j in range(n, i - 1, -1):
            dp[j] = max(dp[j], price[i] + dp[j - i])
    return dp[n]
```

ಉತ್ತರ: ನಿಮ್ಮ ಕೋಡ್‌ನಲ್ಲಿ ತಪ್ಪಿರುವುದು ಒಂದೇ ಸಾಲು. ಒಳಗಿನ ಲೂಪ್ `n`ನಿಂದ ಕೆಳಗೆ ಇಳಿಯುತ್ತಿದೆ. ಅದು `i`ನಿಂದ ಮೇಲಕ್ಕೆ ಹೋಗಬೇಕು:

```python
        for j in range(i, n + 1):
```

ಇಷ್ಟು ಬದಲಿಸಿದರೆ 250 ಬರುತ್ತದೆ. ಆದರೆ ಸುಮ್ನೆ ಬದಲಿಸಿ ಮುಂದೆ ಹೋದರೆ ಮುಂದಿನ ಲೆಕ್ಕದಲ್ಲಿ ಮತ್ತೆ ಇಲ್ಲೇ ಸಿಕ್ಕಿಹಾಕಿಕೊಳ್ಳುತ್ತೀರಿ. ಲೂಪಿನ ದಿಕ್ಕು ಬದಲಾದರೆ ಉತ್ತರ ಯಾಕೆ ಬದಲಾಗಬೇಕು ಅನ್ನೋದನ್ನು ನಿಮ್ಮದೇ ಬೆಲೆಗಳನ್ನು ಇಟ್ಟುಕೊಂಡು ನೋಡೋಣ.

ಮೊದಲು ನಿಮ್ಮ ಎರಡನೇ ಪ್ರಯತ್ನದ ವಿಷಯ. ಅಡಿಗೆ ಎಷ್ಟು ಬೀಳುತ್ತದೆ ಅಂತ ಲೆಕ್ಕ ಹಾಕಿದರೆ 3 ಅಡಿ ತುಂಡು ಎಲ್ಲಕ್ಕಿಂತ ಮುಂದಿದೆ. 110 ಭಾಗಿಸು 3, ಅಂದರೆ ಅಡಿಗೆ ಸುಮಾರು 36.67 ರೂಪಾಯಿ. 2 ಅಡಿ ತುಂಡಿಗೆ ಅಡಿಗೆ 35. ಹಾಗಾಗಿ ನೀವು 3 ಕತ್ತರಿಸಿದಿರಿ, ಮತ್ತೆ 3 ಕತ್ತರಿಸಿದಿರಿ, ಕೊನೆಗೆ 1 ಅಡಿ ಉಳಿಯಿತು. ಆ 1 ಅಡಿಗೆ ಸಿಗುವುದು ಬರೀ 20. ಒಟ್ಟು 240. ಎರಡನೇ 3 ಅಡಿಯನ್ನು ಬಿಟ್ಟು, ಉಳಿದ 4 ಅಡಿಯನ್ನು 2 ಮತ್ತು 2 ಮಾಡಿದ್ದರೆ 110 + 70 + 70, ಅಂದರೆ 250. ಒಳ್ಳೆಯ ತುಂಡನ್ನು ಆರಿಸಿದ್ದು ಇಲ್ಲಿ ತಪ್ಪಲ್ಲ. ಅದು ಬಿಟ್ಟುಹೋಗುವ ಉಳಿಕೆ ಎಷ್ಟು ಕೆಟ್ಟದು ಅಂತ ನೋಡದೇ ಇದ್ದದ್ದು ತಪ್ಪು.

ಈ ದಾರಿ ಎಲ್ಲ ಉದ್ದಕ್ಕೂ ಸೋಲುವುದಿಲ್ಲ, ಅದೇ ಇದರ ಅಪಾಯ. ಇದೇ ಬೆಲೆಗಳಿಗೆ 5 ಅಡಿ ಕೊಟ್ಟರೆ 3 ಮತ್ತು 2, ಅಂದರೆ 180. ಅದು ಸರಿ. 6 ಅಡಿ ಕೊಟ್ಟರೆ 3 ಮತ್ತು 3, ಅಂದರೆ 220. ಅದೂ ಸರಿ. 3ರಿಂದ ಭಾಗಿಸಿದಾಗ 1 ಉಳಿಯುವ 4 ಮತ್ತು 7ರಲ್ಲಿ ಮಾತ್ರ ಎಡವುತ್ತದೆ. ಬರೀ 5 ಮತ್ತು 6 ಹಾಕಿ ಪರೀಕ್ಷೆ ಮಾಡಿದವರಿಗೆ ತಪ್ಪು ಕಾಣಿಸುವುದೇ ಇಲ್ಲ.

ಈಗ ಡೈನಾಮಿಕ್ ಪ್ರೋಗ್ರಾಮಿಂಗ್‌ಗೆ ಬರೋಣ. ಇಲ್ಲಿನ ಮೂಲ ಮಾತು ಇಷ್ಟೇ. 7 ಅಡಿ ರಾಡಿನಿಂದ ಮೊದಲು ಒಂದು ತುಂಡು ತೆಗೆದೆವು ಅಂದುಕೊಳ್ಳಿ. ಅದು 3 ಅಡಿ ಆಗಿದ್ದರೆ ಕೈಯಲ್ಲಿ 4 ಅಡಿ ಉಳಿಯಿತು. ಆ 4 ಅಡಿಗೆ ಮುಂದೆ ಎಷ್ಟು ಸಿಗಬಹುದು ಅನ್ನೋದಕ್ಕೂ, ಈಗಾಗಲೇ ತೆಗೆದ 3 ಅಡಿಗೂ ಸಂಬಂಧವಿಲ್ಲ. ಹಾಗಾಗಿ 4 ಅಡಿಗೆ ಅತಿ ಹೆಚ್ಚು ಎಷ್ಟು ಅಂತ ಒಮ್ಮೆ ಕಂಡುಹಿಡಿದು ಬರೆದಿಟ್ಟರೆ ಸಾಕು. ಅದು ಎಲ್ಲಿ ಬೇಕಾದರೂ ಉಪಯೋಗಕ್ಕೆ ಬರುತ್ತದೆ. ಬರೆದಿಡದೆ ಪ್ರತಿ ಸಲ ಹೊಸದಾಗಿ ಲೆಕ್ಕ ಹಾಕುವ ರಿಕರ್ಶನ್ ಬರೆದರೆ ಫಂಕ್ಷನ್ ಕರೆಗಳ ಸಂಖ್ಯೆ ಪ್ರತಿ ಅಡಿಗೂ ಎರಡುಪಟ್ಟಾಗುತ್ತದೆ. 7 ಅಡಿಗೆ 128 ಕರೆಗಳು, 30 ಅಡಿಗೆ ನೂರು ಕೋಟಿಗೂ ಜಾಸ್ತಿ.

ನ್ಯಾಪ್‌ಸ್ಯಾಕ್ ಜೊತೆಗಿನ ನಂಟು ಹೀಗೆ. ರಾಡಿನ ಉದ್ದ ಅಂದರೆ ಚೀಲ ಹಿಡಿಯುವಷ್ಟು ತೂಕ. ತುಂಡಿನ ಉದ್ದ ಅಂದರೆ ವಸ್ತುವಿನ ತೂಕ. ತುಂಡಿನ ಬೆಲೆ ಅಂದರೆ ವಸ್ತುವಿನ ಬೆಲೆ. ನೀವು ಮೊದಲು ಕಲಿತ 0/1 ನ್ಯಾಪ್‌ಸ್ಯಾಕ್ ಮನೆಯಲ್ಲಿರುವ ಸಾಮಾನು ತುಂಬುವ ಹಾಗೆ: ಒಂದು ವಸ್ತು ಒಂದೇ ಇದೆ, ಹಾಕಿದರೆ ಹಾಕಿದಿರಿ, ಬಿಟ್ಟರೆ ಬಿಟ್ಟಿರಿ. ಅನ್‌ಬೌಂಡೆಡ್ ಅಂದರೆ ಕಿರಾಣಿ ಅಂಗಡಿಯಿಂದ ತುಂಬಿಕೊಳ್ಳುವ ಹಾಗೆ: ಅದೇ ವಸ್ತು ಎಷ್ಟು ಬೇಕಾದರೂ ಸಿಗುತ್ತದೆ. ರಾಡ್‌ನಲ್ಲಿ 2 ಅಡಿ ತುಂಡನ್ನು ಒಮ್ಮೆ ಕತ್ತರಿಸಿದರೆ 2 ಅಡಿ ಅನ್ನೋ ಅಳತೆ ಮುಗಿದುಹೋಗುವುದಿಲ್ಲ ಅಲ್ವಾ? ಹಾಗಾಗಿ ಇದು ಎರಡನೇ ಜಾತಿಯ ಲೆಕ್ಕ.

ಈ ವ್ಯತ್ಯಾಸ ಎರಡು ಆಯಾಮದ ಟೇಬಲ್‌ನಲ್ಲಿ ತುಂಬಾ ಸ್ಪಷ್ಟವಾಗಿ ಕಾಣುತ್ತದೆ. `dp[i][j]` ಅಂದರೆ 1ರಿಂದ `i` ಅಡಿವರೆಗಿನ ಅಳತೆಗಳನ್ನು ಮಾತ್ರ ಬಳಸಿ `j` ಅಡಿ ರಾಡಿಗೆ ಸಿಗುವ ಅತಿ ಹೆಚ್ಚು ಬೆಲೆ. ಪ್ರತಿ ಜಾಗದಲ್ಲೂ ಎರಡೇ ಆಯ್ಕೆ. `i` ಅಳತೆಯನ್ನು ಮುಟ್ಟುವುದೇ ಇಲ್ಲ ಅಂದರೆ `dp[i-1][j]`. `i` ಅಡಿಯ ಒಂದು ತುಂಡು ಕತ್ತರಿಸುತ್ತೇವೆ ಅಂದರೆ:

```
0/1:          price[i] + dp[i-1][j-i]
unbounded:    price[i] + dp[i][j-i]
```

ಮೊದಲನೆಯದರಲ್ಲಿ ತುಂಡು ಕತ್ತರಿಸಿದ ಮೇಲೆ ಟೇಬಲ್‌ನ ಹಿಂದಿನ ಸಾಲಿಗೆ ಹೋಗುತ್ತೇವೆ. ಅಂದರೆ `i` ಅಳತೆಯನ್ನು ಇನ್ನು ಮುಟ್ಟುವ ಹಾಗಿಲ್ಲ. ಎರಡನೆಯದರಲ್ಲಿ ಅದೇ ಸಾಲಿನಲ್ಲಿ ಉಳಿಯುತ್ತೇವೆ. ಅಂದರೆ ಬೇಕಾದರೆ `i` ಅಡಿಯ ಇನ್ನೊಂದು ತುಂಡನ್ನೂ ತೆಗೆಯಬಹುದು. ಅನ್‌ಬೌಂಡೆಡ್ ಅನ್ನೋದಕ್ಕೆ ಕೋಡ್‌ನಲ್ಲಿ ಇರುವ ಅರ್ಥ ಇದೊಂದೇ.

ನೀವು ಬರೆದದ್ದು ಒಂದೇ ಅರೇ ಇರುವ ಕೋಡ್. ಅಲ್ಲಿ `i-1` ಮತ್ತು `i` ಅಂತ ಬೇರೆ ಬೇರೆ ಸಾಲುಗಳಿಲ್ಲ. ಹಳೆಯ ಸಾಲಿನ ಮೇಲೆಯೇ ಹೊಸ ಸಾಲನ್ನು ಬರೆಯುತ್ತಾ ಹೋಗುತ್ತೇವೆ. ಆಗ `dp[j-i]` ಓದಿದಾಗ ಸಿಗುವುದು ಹಳೆಯ ಬೆಲೆಯೋ ಹೊಸದೋ ಅನ್ನೋದು ಆ ಜಾಗವನ್ನು ನಾವು ಈಗಾಗಲೇ ದಾಟಿದ್ದೇವೆಯೋ ಇಲ್ಲವೋ ಅನ್ನೋದರ ಮೇಲೆ ನಿಂತಿದೆ. ಮೇಲಿನಿಂದ ಕೆಳಗೆ ಬಂದರೆ `j-i` ಇನ್ನೂ ಮುಂದಿದೆ, ಅದನ್ನು ಮುಟ್ಟಿಲ್ಲ, ಹಳೆಯ ಬೆಲೆ ಸಿಗುತ್ತದೆ. ಕೆಳಗಿನಿಂದ ಮೇಲೆ ಹೋದರೆ `j-i` ಹಿಂದೆ ಉಳಿದಿದೆ, ಆಗಲೇ ತಿದ್ದಿಯಾಗಿದೆ, ಹೊಸ ಬೆಲೆ ಸಿಗುತ್ತದೆ. ಲೂಪಿನ ದಿಕ್ಕು ನಿರ್ಧರಿಸುವುದು ಇದನ್ನೇ.

ನಿಮ್ಮ ಬೆಲೆಗಳಲ್ಲಿ ಇದು ಎಲ್ಲಿ ಕೈಕೊಟ್ಟಿತು ನೋಡಿ. `i = 1` ಮುಗಿದಾಗ ನಿಮ್ಮ ಕೋಡ್‌ನಲ್ಲಿ ಎಲ್ಲ ಜಾಗದಲ್ಲೂ 20 ಇರುತ್ತದೆ. 7 ಅಡಿ ರಾಡಿನಿಂದಲೂ ಒಂದೇ ಒಂದು 1 ಅಡಿ ತುಂಡು ತೆಗೆಯಲು ಅದು ಬಿಟ್ಟಿದೆ. ಈಗ `i = 2`, `j = 4`. ಕೋಡ್ 70ಕ್ಕೆ `dp[2]` ಸೇರಿಸುತ್ತದೆ. ಆದರೆ ಲೂಪ್ ಇನ್ನೂ 2ಕ್ಕೆ ಬಂದಿಲ್ಲ, ಅಲ್ಲಿ ಹಳೆಯ 20 ಇದೆ. ಹಾಗಾಗಿ 90. ಮೇಲ್ಮುಖವಾಗಿ ಹೋಗಿದ್ದರೆ `dp[2]` ಆಗಲೇ 70 ಆಗಿರುತ್ತಿತ್ತು, `dp[4]`ಗೆ 140 ಬರುತ್ತಿತ್ತು. 2 ಮತ್ತು 2 ಅನ್ನೋ ಜೋಡಿ ಇಲ್ಲೇ ಕಳೆದುಹೋಯಿತು. ಆಮೇಲೆ 3 ಬಂದಾಗ 110ಕ್ಕೆ ಸೇರಬೇಕಾದ 140 ಸಿಗಲಿಲ್ಲ. ಕೊನೆಗೆ ಒಂದೊಂದೇ ಸಲ ಬಳಸಬಹುದಾದ ತುಂಡುಗಳಲ್ಲಿ ಅತಿ ಒಳ್ಳೆಯದು, ಅಂದರೆ 3 ಮತ್ತು 4 ಸೇರಿ 240, ಉಳಿಯಿತು. 7 ಅಡಿಯನ್ನು ಹಾಗೇ ಮಾರಿದರೂ 240. ಅಡಿಗೆ ಜಾಸ್ತಿ ಬೆಲೆಯ ತುಂಡನ್ನೇ ಮೊದಲು ಕತ್ತರಿಸಿದ ನಿಮ್ಮ ಗ್ರೀಡಿ ಉತ್ತರವೂ 240. ಮೂರೂ ಒಂದೇ ಆಗಿದ್ದು ಬರೀ ಕಾಕತಾಳೀಯ. ಅದನ್ನು ನೋಡಿ 240 ಸರಿ ಇರಬಹುದು ಅಂತ ನಂಬಬೇಡಿ.

ಸರಿಯಾದ ದಿಕ್ಕಿನಲ್ಲಿ ಓಡಿಸಿದರೆ ಪ್ರತಿ ಸುತ್ತಿನ ನಂತರ ಅರೇ ಹೀಗಿರುತ್ತದೆ, `j` 1ರಿಂದ 7ವರೆಗೆ:

```
i=1:  20  40  60  80 100 120 140
i=2:  20  70  90 140 160 210 230
i=3:  20  70 110 140 180 220 250
```

4, 5, 6, 7 ಅಡಿ ತುಂಡುಗಳು ಬಂದ ಮೇಲೆ ಒಂದು ಸಂಖ್ಯೆಯೂ ಬದಲಾಗುವುದಿಲ್ಲ. ಈ ಅಂಗಡಿಯಲ್ಲಿ 3 ಅಡಿಗಿಂತ ಉದ್ದದ ತುಂಡು ಮಾರುವುದೇ ನಷ್ಟ ಅಂತ ಟೇಬಲ್ ಹೇಳುತ್ತಿದೆ. ಮೂರನೇ ಸಾಲನ್ನು ಕೈಯಲ್ಲೇ ಪರೀಕ್ಷಿಸಬಹುದು. 7 ಅಡಿಯಿಂದ ಮೊದಲು 1 ಅಡಿ ತೆಗೆದರೆ 20 + 220, ಅಂದರೆ 240. 2 ತೆಗೆದರೆ 70 + 180, ಅಂದರೆ 250. 3 ತೆಗೆದರೆ 110 + 140, ಮತ್ತೆ 250. 4 ತೆಗೆದರೆ 240, 5 ತೆಗೆದರೆ 240, 6 ತೆಗೆದರೆ 230, ಕತ್ತರಿಸದೇ ಇದ್ದರೆ 240. ಎರಡು ಕಡೆ 250 ಬಂದದ್ದಕ್ಕೆ ಗಾಬರಿ ಬೇಡ. 3, 2, 2 ಅನ್ನೋ ಒಂದೇ ಜೋಡಣೆಯನ್ನು ಬೇರೆ ಬೇರೆ ತುಂಡಿನಿಂದ ಶುರು ಮಾಡಿದ್ದೇವೆ ಅಷ್ಟೇ.

ಇಲ್ಲಿ ಹಲವರು ಇನ್ನೊಂದು ಪ್ರಶ್ನೆ ಕೇಳುತ್ತಾರೆ. ಹೊರಗಿನ ಲೂಪ್ `j` ಮಾಡಿ, ಒಳಗಿನದು `i` ಮಾಡಿದರೆ ಏನಾಗುತ್ತದೆ? ಅತಿ ಹೆಚ್ಚು ಬೆಲೆ ಬೇಕಾದಾಗ ಏನೂ ಆಗುವುದಿಲ್ಲ, ಅದೇ 250. ಯಾವ ತುಂಡು ಮೊದಲು ಬಂತು ಅನ್ನೋದು ಬೆಲೆಗೆ ಮುಖ್ಯವಲ್ಲ. ಆದರೆ ಎಷ್ಟು ರೀತಿಯಲ್ಲಿ ಕತ್ತರಿಸಬಹುದು ಅಂತ ಎಣಿಸುವ ಲೆಕ್ಕಕ್ಕೆ ಇದೇ ಕೋಡನ್ನು ತಿರುಗಿಸಿದರೆ ಎರಡೂ ಬೇರೆ ಉತ್ತರ ಕೊಡುತ್ತವೆ. `j` ಹೊರಗಿದ್ದರೆ 7 ಅಡಿಗೆ 64 ಬರುತ್ತದೆ, ಏಕೆಂದರೆ 3-2-2 ಮತ್ತು 2-3-2 ಬೇರೆ ಅಂತ ಎಣಿಕೆಯಾಗುತ್ತದೆ. `i` ಹೊರಗಿದ್ದರೆ 15 ಬರುತ್ತದೆ, ಕ್ರಮ ಲೆಕ್ಕಕ್ಕಿಲ್ಲ. 3 ಅಡಿಯಲ್ಲಿ ಇದನ್ನು ಬೆರಳಲ್ಲೇ ನೋಡಬಹುದು: ಕ್ರಮ ಲೆಕ್ಕಕ್ಕಿದ್ದರೆ 4, ಇಲ್ಲದಿದ್ದರೆ 3.

250 ಬಂದರೆ ಸಾಲದು, ಎಲ್ಲಿ ಕತ್ತರಿಸಬೇಕು ಅಂತಲೂ ತಿಳಿಯಬೇಕು. ಅದಕ್ಕೆ ಇನ್ನೊಂದು ಅರೇ ಸಾಕು. `dp[j]` ಯಾವ ತುಂಡಿನಿಂದ ಹೆಚ್ಚಾಯಿತೋ ಅದನ್ನು ಬರೆದಿಡಿ:

```python
def rod(price, n):
    dp = [0] * (n + 1)
    cut = [0] * (n + 1)
    for i in range(1, n + 1):
        for j in range(i, n + 1):
            if price[i] + dp[j - i] > dp[j]:
                dp[j] = price[i] + dp[j - i]
                cut[j] = i
    pieces = []
    j = n
    while j > 0 and cut[j]:
        pieces.append(cut[j])
        j -= cut[j]
    return dp[n], pieces
```

`price[0]`ಗೆ 0 ಹಾಕಿ, `price[1]`ನಿಂದ ಬೆಲೆಗಳು ಶುರುವಾಗಲಿ. ಅದನ್ನು ಮರೆತು 20ನ್ನೇ `price[0]`ರಲ್ಲಿ ಇಟ್ಟರೆ ಪ್ರತಿ ತುಂಡಿಗೂ ಪಕ್ಕದ ಉದ್ದನೆಯ ತುಂಡಿನ ಬೆಲೆ ಬಿದ್ದು, ಕೊನೆಗೆ `price[7]` ಇಲ್ಲದೆ `IndexError` ಬರುತ್ತದೆ. ಈ ಕೋಡ್ 7ಕ್ಕೆ 250 ಮತ್ತು `[3, 2, 2]` ಕೊಡುತ್ತದೆ.

`while` ಸಾಲಿನಲ್ಲಿ `and cut[j]` ಯಾಕಿದೆ ಅಂತ ನೋಡಿ. ನಿಮ್ಮ ಲೆಕ್ಕದಲ್ಲಿ 1 ಅಡಿ ತುಂಡಿಗೂ ಬೆಲೆ ಇದೆ, ಹಾಗಾಗಿ ಏನೂ ಉಳಿಯುವುದಿಲ್ಲ. ಆದರೆ ಅಂಗಡಿಯಲ್ಲಿ 3 ಮತ್ತು 4 ಅಡಿ ಮಾತ್ರ ಕೊಳ್ಳುತ್ತಾರೆ, ಉಳಿದದ್ದಕ್ಕೆಲ್ಲ ಬೆಲೆ 0 ಅಂದುಕೊಳ್ಳಿ. 5 ಅಡಿ ರಾಡಿನಿಂದ 4 ತೆಗೆದರೆ 130, 1 ಅಡಿ ಬಿಸಾಡಬೇಕು. ಆಗ `cut[1]` 0 ಆಗಿರುತ್ತದೆ. ಆ ಪರೀಕ್ಷೆ ಇಲ್ಲದಿದ್ದರೆ `j`ನಿಂದ 0 ಕಳೆಯುತ್ತಾ ಪ್ರೋಗ್ರಾಮ್ ಅಲ್ಲೇ ಸುತ್ತುತ್ತಿರುತ್ತದೆ. ಬೆಲೆ ಸರಿಯಾಗಿ ಬಂದು, ತುಂಡುಗಳ ಪಟ್ಟಿ ಮಾಡುವಾಗ ಪ್ರೋಗ್ರಾಮ್ ನಿಂತೇ ಹೋದರೆ ಮೊದಲು ಇಲ್ಲಿ ನೋಡಿ.

ಇದೇ ಉದಾಹರಣೆ ಇನ್ನೊಂದನ್ನೂ ಹೇಳುತ್ತದೆ. `dp`ಯನ್ನು 0ಯಿಂದ ತುಂಬಿ ಶುರು ಮಾಡಿದರೆ, ಉಳಿದ ತುಣುಕನ್ನು ಬಿಸಾಡಲು ಅನುಮತಿ ಕೊಟ್ಟ ಹಾಗೆ. ರಾಡ್ ಪೂರ್ತಿ ಖರ್ಚಾಗಲೇಬೇಕು ಅನ್ನೋ ನಿಯಮ ಇದ್ದರೆ `dp[0]` ಮಾತ್ರ 0 ಇಟ್ಟು, ಉಳಿದವನ್ನೆಲ್ಲ ಮೈನಸ್ ಇನ್ಫಿನಿಟಿ ಮಾಡಿ. ಕೊಳ್ಳದ ಅಳತೆಗಳಿಗೂ 0 ಅಲ್ಲ, ಮೈನಸ್ ಇನ್ಫಿನಿಟಿಯೇ ಬೆಲೆ. ಆಗ 5 ಅಡಿಗೆ ಉತ್ತರವೇ ಇಲ್ಲ ಅಂತ ಬರುತ್ತದೆ. ಪ್ರಶ್ನೆಯಲ್ಲಿ ಎರಡರಲ್ಲಿ ಯಾವುದು ಬೇಕು ಅಂತ ಓದಿಕೊಂಡೇ ಬರೆಯಿರಿ.

ಈಗ ಲೆಕ್ಕವನ್ನು ವರ್ಕ್‌ಶಾಪಿಗೆ ಸ್ವಲ್ಪ ಹತ್ತಿರ ತರೋಣ. ನನಗೆ ಈ ಭಾಗ ತುಂಬಾ ಇಷ್ಟ, ಏಕೆಂದರೆ ಕೋಡ್ ಹಾಗೇ ಇದ್ದು ಉತ್ತರ ಪೂರ್ತಿ ತಿರುಗಿಬಿಡುತ್ತದೆ. ಪುಸ್ತಕದ ಲೆಕ್ಕದಲ್ಲಿ ಕತ್ತರಿಸುವುದು ಪುಕ್ಕಟೆ. ನಿಜದಲ್ಲಿ ಪ್ರತಿ ಕಟ್‌ಗೂ ಕೂಲಿ ಇದೆ. ಒಂದು ಕಟ್‌ಗೆ 15 ರೂಪಾಯಿ ಅಂದುಕೊಳ್ಳಿ. 3, 2, 2 ಮಾಡಲು ಎರಡು ಕಟ್ ಬೇಕು, ಹಾಗಾಗಿ 250ರಲ್ಲಿ 30 ಹೋಗಿ 220. 3 ಮತ್ತು 4 ಮಾಡಿದರೆ ಒಂದು ಕಟ್, 225. ಮುಟ್ಟದೆ ಮಾರಿದರೆ 240! ಇದಕ್ಕೆ ಹೊಸ ಕೋಡ್ ಬೇಡ. ಪ್ರತಿ ತುಂಡಿನ ಬೆಲೆಯಿಂದ 15 ಕಳೆದು ಅದೇ ಫಂಕ್ಷನ್‌ಗೆ ಕೊಡಿ, ಕೊನೆಯಲ್ಲಿ 15 ಕೂಡಿಸಿ. ತುಂಡುಗಳಿಗಿಂತ ಕಟ್‌ಗಳು ಒಂದು ಕಡಿಮೆ, ಅದಕ್ಕೇ ಆ ಕೂಡಿಕೆ. ಏನೂ ಉಳಿಯದಂತೆ ಕತ್ತರಿಸಿದಾಗ ಮಾತ್ರ ಇದು ಸರಿ. ಕೊನೆಗೆ ಚೂರು ಉಳಿದರೆ ಅದನ್ನು ಬೇರ್ಪಡಿಸಲು ಇನ್ನೊಂದು ಕಟ್ ಬೇಕಾಗುತ್ತದೆ. ನಿಮ್ಮ ಬೆಲೆಗಳಲ್ಲಿ ಕೂಲಿ 5 ರೂಪಾಯಿಗಿಂತ ಜಾಸ್ತಿ ಆದ ತಕ್ಷಣ 7 ಅಡಿಯನ್ನು ಹಾಗೇ ಮಾರುವುದೇ ಲಾಭ.

ಬ್ಲೇಡ್ ತಿನ್ನುವ ಲೋಹವೂ ಇದೆ. ಕಟ್ಟಡಕ್ಕೆ ಬಳಸುವ ಸರಳು ಸಾಮಾನ್ಯವಾಗಿ 12 ಮೀಟರ್ ಉದ್ದ ಬರುತ್ತದೆ. ಅದರಲ್ಲಿ 2 ಮೀಟರಿನ 6 ತುಂಡು ಸಿಗುತ್ತವೆ ಅಂತ ಕಾಗದದ ಮೇಲೆ ಕಾಣುತ್ತದೆ. ಬ್ಲೇಡ್ 3 ಮಿಲಿಮೀಟರ್ ದಪ್ಪ ಇದ್ದರೆ 5 ಕಟ್‌ಗೆ 15 ಮಿಲಿಮೀಟರ್ ಹೋಯಿತು, ಆರನೇ ತುಂಡು ಗಿಡ್ಡವಾಯಿತು. ಇದಕ್ಕೂ ಅಂಥದ್ದೇ ಉಪಾಯ. ಎಲ್ಲವನ್ನೂ ಮಿಲಿಮೀಟರಿಗೆ ತನ್ನಿ. ಪ್ರತಿ ತುಂಡಿನ ಉದ್ದಕ್ಕೆ 3 ಸೇರಿಸಿ, ರಾಡಿನ ಉದ್ದಕ್ಕೂ ಒಮ್ಮೆ 3 ಸೇರಿಸಿ. 2003ರ ಆರು ತುಂಡು 12018 ಆಗುತ್ತದೆ, ಜಾಗ ಇರುವುದು 12003. ಕೋಡ್ ತಾನಾಗೇ 5ಕ್ಕೆ ನಿಲ್ಲುತ್ತದೆ.

ಮಿಲಿಮೀಟರಿಗೆ ಬಂದಾಗ ಹೊರಗಿನ ಲೂಪನ್ನು 1ರಿಂದ 12003ವರೆಗೆ ಓಡಿಸಬೇಡಿ, ಅದು ಏಳು ಕೋಟಿಗೂ ಹೆಚ್ಚು ಹೆಜ್ಜೆ. ಮಾರಾಟಕ್ಕಿರುವ ಅಳತೆಗಳ ಮೇಲೆ ಮಾತ್ರ ಓಡಿಸಿ. ಹತ್ತು ಅಳತೆ ಇದ್ದರೆ ಸುಮಾರು 1,20,000 ಹೆಜ್ಜೆ, ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಈ ವಿಧಾನದ ಕೆಲಸ ಅಳತೆಗಳ ಸಂಖ್ಯೆಯನ್ನು ರಾಡಿನ ಉದ್ದದಿಂದ ಗುಣಿಸಿದಷ್ಟು. ಹಾಗಾಗಿ ಅಳತೆಯ ಏಕಮಾನ ಸಣ್ಣದಾದಷ್ಟೂ ಟೇಬಲ್ ಉದ್ದವಾಗುತ್ತದೆ. 12 ಮೀಟರಿಗೆ ಮೀಟರ್ ಲೆಕ್ಕದಲ್ಲಿ 12 ಜಾಗ, ಮಿಲಿಮೀಟರ್ ಲೆಕ್ಕದಲ್ಲಿ 12000.

ಈ ಕೋಡ್ ಎಲ್ಲಿ ನಿಲ್ಲುತ್ತದೆ ಅನ್ನೋದೂ ಗೊತ್ತಿರಲಿ. 2 ಅಡಿ ತುಂಡಿಗೆ ಒಬ್ಬನೇ ಗಿರಾಕಿ ಇದ್ದರೆ ಅದು ಅನ್‌ಬೌಂಡೆಡ್ ಅಲ್ಲ. ಆಗ ಆ ಅಳತೆಗೆ ನಿಮ್ಮ ಹಳೆಯ ಇಳಿಮುಖದ ಲೂಪೇ ಸರಿ. ಒಂದೇ ಕೋಡ್‌ನಲ್ಲಿ ಕೆಲವು ಅಳತೆಗೆ ಏರುವ ಲೂಪ್, ಕೆಲವಕ್ಕೆ ಇಳಿಯುವ ಲೂಪ್ ಬಳಸಿದರೂ ತೊಂದರೆಯಿಲ್ಲ. ಬೆಲೆ ಸರಿಯಾಗಿ ಬರುತ್ತದೆ, ಆದರೆ ಒಂದೇ `cut` ಅರೇಯಿಂದ ತುಂಡುಗಳನ್ನು ಹುಡುಕುವುದು ಆಗ ನಂಬಿಕೆಗೆ ಅರ್ಹವಲ್ಲ. ಎರಡು ಆಯಾಮದ ಟೇಬಲ್ ಇಟ್ಟುಕೊಳ್ಳಿ.

ಇದಕ್ಕಿಂತ ದೊಡ್ಡ ಬದಲಾವಣೆ ಆಗುವುದು ಹಲವು ರಾಡ್ ಇದ್ದಾಗ. ಇಂತಿಷ್ಟು 2 ಅಡಿ, ಇಂತಿಷ್ಟು 3 ಅಡಿ ಬೇಕು, ಅತಿ ಕಡಿಮೆ ರಾಡ್ ಬಳಸಿ ಪೂರೈಸಿ ಅಂದರೆ ಅದು ಕಟಿಂಗ್ ಸ್ಟಾಕ್ ಎಂಬ ಬೇರೆಯೇ ಕಷ್ಟದ ಲೆಕ್ಕ. ಆದರೆ ಅಲ್ಲೂ ನಮ್ಮ ರಾಡ್ ಕಟಿಂಗ್ ಒಳಗೆ ಕೂತಿದೆ. 1961ರಲ್ಲಿ ಪಾಲ್ ಗಿಲ್ಮೋರ್ ಮತ್ತು ರಾಲ್ಫ್ ಗೊಮೊರಿ ಅದಕ್ಕೆ ಲೀನಿಯರ್ ಪ್ರೋಗ್ರಾಮಿಂಗ್‌ನ ಒಂದು ದಾರಿ ತೋರಿಸಿದರು. ಕತ್ತರಿಸುವ ಎಲ್ಲ ವಿನ್ಯಾಸಗಳನ್ನೂ ಮೊದಲೇ ಪಟ್ಟಿ ಮಾಡಲು ಹೋಗಬೇಡಿ, ಅವು ಲೆಕ್ಕಕ್ಕೆ ಸಿಗದಷ್ಟಿರುತ್ತವೆ. ಕೆಲವೇ ವಿನ್ಯಾಸಗಳಿಂದ ಶುರು ಮಾಡಿ. ಪ್ರತಿ ಸುತ್ತಿನಲ್ಲಿ ಲೀನಿಯರ್ ಪ್ರೋಗ್ರಾಮ್ ಪ್ರತಿ ಅಳತೆಗೂ ಒಂದು ತಾತ್ಕಾಲಿಕ ಬೆಲೆ ಕಟ್ಟುತ್ತದೆ. ಆ ಬೆಲೆಗಳಿಗೆ ಒಂದು ರಾಡಿನಿಂದ ಅತಿ ಹೆಚ್ಚು ಬೆಲೆ ತರುವ ವಿನ್ಯಾಸ ಯಾವುದು ಅಂತ ಹುಡುಕಿ. ಅದು ರಾಡಿನ ಸ್ವಂತ ಬೆಲೆಯನ್ನು ಮೀರಿದರೆ ಪಟ್ಟಿಗೆ ಸೇರಿಸಿ ಮತ್ತೆ ಓಡಿಸಿ. ಮೀರುವ ವಿನ್ಯಾಸ ಸಿಗದಿದ್ದರೆ ಲೀನಿಯರ್ ಪ್ರೋಗ್ರಾಮ್ ಮುಗಿಯಿತು. ಅದರ ಉತ್ತರದಲ್ಲಿ ಅರ್ಧ ರಾಡ್, ಕಾಲು ರಾಡ್ ಬರಬಹುದು, ಅವನ್ನು ಪೂರ್ಣ ಸಂಖ್ಯೆಗೆ ತರುವ ಕೆಲಸ ಬೇರೆ ಉಳಿಯುತ್ತದೆ. ನಡುವೆ ಪ್ರತಿ ಸುತ್ತಿನಲ್ಲೂ ವಿನ್ಯಾಸ ಹುಡುಕುವ ಕೆಲಸವನ್ನು ಮಾಡಬಲ್ಲದ್ದು ನೀವು ಈಗ ತಿದ್ದಿದ ಆ ಏರುಮುಖದ ಲೂಪೇ, ಬೆಲೆಗಳು ಮಾತ್ರ ಸುತ್ತಿನಿಂದ ಸುತ್ತಿಗೆ ಬೇರೆ.